ಸೆಕೆಂಡಿನ ಲೆಕ್ಕ, ದಿನದ ಲೆಕ್ಕ

ಹಿಮೋಗ್ಲೋಬಿನ್ 8 ಎಂದು ಬರೆದ ಲ್ಯಾಬ್ ಚೀಟಿ ಕೈಗೆ ಬಂದರೆ ನಮ್ಮಲ್ಲಿ ಮುಂದೇನಾಗುತ್ತದೆ ಎಂಬುದು ಎಲ್ಲರಿಗೂ ಗೊತ್ತು. ಹೆಣ್ಣುಮಗಳಾದರಂತೂ ಕಬ್ಬಿಣಾಂಶದ ಮಾತ್ರೆ, ಜೊತೆಗೆ ಸೊಪ್ಪು, ಬೆಲ್ಲ, ಖರ್ಜೂರದ ಉಪದೇಶ. ಬಹುಪಾಲು ಸಲ ಆ ದಾರಿ ಸರಿಯಾದದ್ದೇ. ಆದರೆ ಅದೇ 8 ಎಂಬ ಅಂಕಿ, ಬಿಳಿಗಿರಿರಂಗನ ಬೆಟ್ಟದ ಪೋಡಿನಿಂದಲೋ ಹೆಗ್ಗಡದೇವನಕೋಟೆಯ ಹಾಡಿಯಿಂದಲೋ ಬಂದ ಹುಡುಗಿಯ ಚೀಟಿಯಲ್ಲಿದ್ದರೆ ಅದರ ಹಿಂದಿನ ಕತೆ ಪೂರ್ತಿ ಬೇರೆಯಾಗಿರಬಹುದು. ಅವಳ ದೇಹದಲ್ಲಿ ಕಬ್ಬಿಣಕ್ಕೆ ಕೊರತೆಯೇ ಇಲ್ಲದಿರಬಹುದು. ರಕ್ತ ತಯಾರಾಗುತ್ತಿಲ್ಲ ಎಂಬುದೂ ಅಲ್ಲ. ನಮ್ಮ ನಿಮ್ಮ ದೇಹಕ್ಕಿಂತ ನಾಲ್ಕೈದು ಪಟ್ಟು ವೇಗದಲ್ಲಿ ತಯಾರಾಗುತ್ತಿದೆ. ತಯಾರಾದದ್ದು ಬಾಳುತ್ತಿಲ್ಲ, ಅಷ್ಟೆ.

ಒಬ್ಬ ವಿದ್ಯಾರ್ಥಿನಿಯನ್ನು ಕಲ್ಪಿಸಿಕೊಳ್ಳೋಣ. ಹೆಸರು ಮಾದೇವಿ ಎಂದಿರಲಿ. ಸೋಲಿಗರ ಹುಡುಗಿ, ಎಂ.ಎ. ಓದಲು ಜ್ಞಾನಭಾರತಿಗೆ ಬಂದು ಹಾಸ್ಟೆಲ್ ಸೇರಿದ್ದಾಳೆ. ಡಿಸೆಂಬರಿನಲ್ಲಿ ಊರಿಗೆ ಹೋಗಿ ಬರುವಾಗ ರಾತ್ರಿ ಬಸ್ಸು; ದಾರಿಯಲ್ಲಿ ಶೌಚಾಲಯದ ಫಜೀತಿ ಬೇಡವೆಂದು ನೀರು ಕುಡಿದಿಲ್ಲ. ಬೆಳಗಿನ ಜಾವ ಮೈಸೂರು ರಸ್ತೆಯ ಸ್ಯಾಟಲೈಟ್ ನಿಲ್ದಾಣದಲ್ಲಿ ಇಳಿದಾಗ ಮೈ ಕೊರೆಯುವ ಚಳಿ. ಹಾಸ್ಟೆಲ್ ತಲುಪಿ, ತಣ್ಣೀರಿನಲ್ಲೇ ಮಿಂದು, ತರಗತಿಗೆ ಹೊತ್ತಾಯಿತೆಂದು ಕ್ಯಾಂಪಸ್ಸಿನ ಉದ್ದ ರಸ್ತೆಯಲ್ಲಿ ಬಿರಬಿರನೆ ನಡೆದಿದ್ದಾಳೆ. ಮಧ್ಯಾಹ್ನದ ಹೊತ್ತಿಗೆ ಎರಡೂ ತೊಡೆ, ಸೊಂಟದ ಮೂಳೆಗಳಲ್ಲಿ ಸುತ್ತಿಗೆಯಲ್ಲಿ ಹೊಡೆದಂಥ ನೋವು. ಸಂಜೆಗೆ ಹಾಸಿಗೆ ಬಿಟ್ಟು ಏಳಲಾರಳು. ಮುಟ್ಟಿ ನೋಡಿದರೆ ಊತವಿಲ್ಲ, ಗಾಯವಿಲ್ಲ. ‘ನಿನ್ನೆ ಚೆನ್ನಾಗೇ ಇದ್ದೆಯಲ್ಲಮ್ಮ’ ಎನ್ನುತ್ತಾರೆ ವಾರ್ಡನ್. ಊರಿನಲ್ಲಿ ಅಜ್ಜಿ ಇದನ್ನು ವಾಯು ಎನ್ನುತ್ತಿದ್ದರು. ಆಸ್ಪತ್ರೆಯಲ್ಲಿ ಎಕ್ಸ್‌ರೇ ತೆಗೆದರೆ ಮೂಳೆ ನೆಟ್ಟಗಿದೆ.

ಈ ಹುಡುಗಿಗೆ ಇರುವುದು ಸಿಕಲ್ ಸೆಲ್ ಕಾಯಿಲೆ, ಕನ್ನಡದಲ್ಲಿ ಕುಡುಗೋಲು ಕಣ ರೋಗ. ಬೆಳಗಿನಿಂದ ಸಂಜೆಯವರೆಗೆ ಅವಳ ಮೈಯೊಳಗೆ ನಡೆದದ್ದನ್ನು ಹಿಂಬಾಲಿಸಿದರೆ, ನೋವು ಯಾಕೆ ಬರುತ್ತದೆ, ರಕ್ತಹೀನತೆ ಯಾಕೆ ಬರುತ್ತದೆ ಎಂಬ ಎರಡಕ್ಕೂ ಉತ್ತರ ಸಿಗುತ್ತದೆ. ಮೊದಲನೆಯದು ಸೆಕೆಂಡುಗಳ ಲೆಕ್ಕ, ಎರಡನೆಯದು ದಿನಗಳ ಲೆಕ್ಕ.

ನಮ್ಮ ಒಂದೊಂದು ಕೆಂಪು ರಕ್ತಕಣದಲ್ಲೂ ಸುಮಾರು 27 ಕೋಟಿ ಹಿಮೋಗ್ಲೋಬಿನ್ ಅಣುಗಳು ಕಿಕ್ಕಿರಿದು ತುಂಬಿವೆ. ಒಂದೊಂದು ಅಣುವೂ ನಾಲ್ಕು ಸರಪಳಿಗಳ ಜೋಡಣೆ: ಎರಡು ಆಲ್ಫಾ, ಎರಡು ಬೀಟಾ. ಬೀಟಾ ಸರಪಳಿಯಲ್ಲಿ 146 ಅಮೈನೋ ಆಮ್ಲಗಳು ಸಾಲಾಗಿ ಕೂತಿವೆ. ಆರನೆಯ ಜಾಗದಲ್ಲಿ ಇರಬೇಕಾದದ್ದು ಗ್ಲುಟಾಮಿಕ್ ಆಮ್ಲ. ಮಾದೇವಿಯಲ್ಲಿ ಅಲ್ಲಿರುವುದು ವ್ಯಾಲೀನ್. 11ನೇ ವರ್ಣತಂತುವಿನ ಮೇಲಿರುವ ಒಂದು ವಂಶವಾಹಿಯಲ್ಲಿ ಒಂದೇ ಒಂದು ಅಕ್ಷರ ಬದಲಾದದ್ದರ ಫಲ ಇದು. ಹೀಗಾದ ಹಿಮೋಗ್ಲೋಬಿನ್ನಿಗೆ ‘ಎಸ್’ ಎಂದು ಹೆಸರು, ಸಾಮಾನ್ಯದ್ದು ‘ಎ’. ಇವೆರಡೂ ಬೇರೆ ಬೇರೆ ಎಂದು 1949ರಲ್ಲಿ ಲೈನಸ್ ಪೌಲಿಂಗ್ ಮತ್ತು ಸಂಗಡಿಗರು ತೋರಿಸಿದಾಗ, ಒಂದು ಅಣುವಿನ ದೋಷವೇ ಒಂದು ಕಾಯಿಲೆ ಎಂಬ ಮಾತು ವೈದ್ಯಲೋಕಕ್ಕೆ ಹೊಸದು. ವ್ಯತ್ಯಾಸ ಇರುವುದು ಒಂದೇ ಅಮೈನೋ ಆಮ್ಲದಲ್ಲಿ ಎಂಬುದು ಕೆಲವು ವರ್ಷ ತಡವಾಗಿ, ವರ್ನನ್ ಇಂಗ್ರಾಂ ಅವರ ಕೆಲಸದಿಂದ ತಿಳಿಯಿತು.

ಗ್ಲುಟಾಮಿಕ್ ಆಮ್ಲಕ್ಕೆ ನೀರಿನ ಸಂಗ ಇಷ್ಟ, ವ್ಯಾಲೀನ್‌ಗೆ ನೀರೆಂದರೆ ಆಗದು. ಅಣುವಿನ ಹೊರಮೈಯಲ್ಲಿ ಕೂತ ವ್ಯಾಲೀನ್ ನೀರಿನಿಂದ ತಪ್ಪಿಸಿಕೊಳ್ಳಲು ಒಂದು ಮರೆ ಹುಡುಕುತ್ತದೆ. ಪಕ್ಕದ ಹಿಮೋಗ್ಲೋಬಿನ್ ಅಣುವಿನಲ್ಲಿ ಅಂಥದೊಂದು ಗುಳಿ ಇದೆ. ಆದರೆ ಅಣು ಆಮ್ಲಜನಕವನ್ನು ಹೊತ್ತಿರುವಾಗ ಆ ಗುಳಿ ವ್ಯಾಲೀನ್‌ಗೆ ಒದಗುವುದಿಲ್ಲ. ಆಮ್ಲಜನಕವನ್ನು ಇಳಿಸಿದ ಮೇಲೆ ಅಣುವಿನ ಆಕಾರ ತುಸು ಬದಲಾಗುತ್ತದೆ, ಗುಳಿ ತೆರೆದುಕೊಳ್ಳುತ್ತದೆ, ಪಕ್ಕದ ಅಣುವಿನ ವ್ಯಾಲೀನ್ ಅದರಲ್ಲಿ ಕೂರುತ್ತದೆ. ಒಂದಕ್ಕೊಂದು ಸಿಕ್ಕಿಕೊಳ್ಳುತ್ತ ಹೋಗಿ, ಕೊನೆಗೆ 14 ಎಳೆಗಳ ಒಂದು ಗಟ್ಟಿ ನಾರು ಹುಟ್ಟುತ್ತದೆ. ಇಂಥ ನೂರಾರು ನಾರುಗಳು ಕಣದೊಳಗೆ ಉದ್ದುದ್ದ ಬೆಳೆದು ಪೊರೆಯನ್ನು ಒಳಗಿನಿಂದ ತಳ್ಳಿದಾಗ, ದುಂಡಗೆ ಮೆತ್ತಗೆ ಇದ್ದ ಕಣ ಕುಡುಗೋಲಿನಂತೆ ಬಾಗಿ ಬಿರುಸಾಗುತ್ತದೆ. ಷಿಕಾಗೋದಲ್ಲಿ ಜೇಮ್ಸ್ ಹೆರಿಕ್ ಎಂಬ ವೈದ್ಯರು 1910ರಲ್ಲಿ ವರದಿ ಮಾಡಿದ್ದು ಈ ಆಕಾರವನ್ನೇ. ಗ್ರೆನಡಾ ದ್ವೀಪದಿಂದ ದಂತವೈದ್ಯಕೀಯ ಕಲಿಯಲು ಬಂದಿದ್ದ ತರುಣನೊಬ್ಬನ ರಕ್ತದಲ್ಲಿ ಅದು ಕಂಡಿತ್ತು.

ಪಠ್ಯಪುಸ್ತಕಗಳು ಸಾಮಾನ್ಯವಾಗಿ ಇಲ್ಲಿಗೆ ನಿಲ್ಲುತ್ತವೆ. ಕಣ ಬಾಗಿತು, ರಕ್ತನಾಳ ಕಟ್ಟಿತು, ನೋವು ಬಂತು. ಆದರೆ ಹಾಗಿದ್ದರೆ ಮಾದೇವಿ ದಿನದ 24 ಗಂಟೆಯೂ ನರಳುತ್ತಲೇ ಇರಬೇಕಿತ್ತು. ಅವಳ ಪ್ರತಿಯೊಂದು ಕಣವೂ ನಿಮಿಷಕ್ಕೊಮ್ಮೆ ದೇಹವನ್ನು ಸುತ್ತಿ, ಪ್ರತಿ ಸುತ್ತಿನಲ್ಲೂ ಆಮ್ಲಜನಕವನ್ನು ಇಳಿಸುತ್ತದೆ. ವಾರಗಟ್ಟಲೆ, ತಿಂಗಳುಗಟ್ಟಲೆ ಅವಳು ಎಲ್ಲರಂತೆ ಓಡಾಡಿಕೊಂಡಿರುವುದು ಹೇಗೆ?

ಇದಕ್ಕೆ ಉತ್ತರ ಸಿಕ್ಕಿದ್ದು 1970ರ ದಶಕದಲ್ಲಿ. ಅಮೆರಿಕದ ರಾಷ್ಟ್ರೀಯ ಆರೋಗ್ಯ ಸಂಸ್ಥೆಯಲ್ಲಿ ವಿಲಿಯಂ ಈಟನ್ ಮತ್ತು ಜೇಮ್ಸ್ ಹಾಫ್ರಿಕ್ಟರ್ ‘ಎಸ್’ ಹಿಮೋಗ್ಲೋಬಿನ್ನಿನ ದ್ರಾವಣದಲ್ಲಿ ನಾರು ಹುಟ್ಟಲು ಎಷ್ಟು ಹೊತ್ತು ಬೇಕೆಂದು ಅಳೆದರು. ಆಮ್ಲಜನಕ ತೆಗೆದ ಕೂಡಲೇ ಏನೂ ಆಗುವುದಿಲ್ಲ. ಒಂದಷ್ಟು ಹೊತ್ತು ದ್ರಾವಣ ತೆಪ್ಪಗಿರುತ್ತದೆ. ಆಮೇಲೆ ಇದ್ದಕ್ಕಿದ್ದಂತೆ ಇಡಿಯಾಗಿ ಗಟ್ಟಿಯಾಗುತ್ತದೆ. ಮೈಸೂರುಪಾಕು ಮಾಡಿದವರಿಗೆ ಇದು ಗೊತ್ತಿರುವ ಸಂಗತಿ: ಬಾಣಲೆಯಲ್ಲಿ ಪಾಕ ಎಷ್ಟೋ ಹೊತ್ತು ನೀರುನೀರಾಗಿಯೇ ಇದ್ದು, ಹದ ಮುಟ್ಟಿದ ಕ್ಷಣ ಸೌಟು ತಿರುಗಿಸಲು ಬಿಡದಂತೆ ಕಚ್ಚಿಕೊಳ್ಳುತ್ತದೆ, ಆ ಕ್ಷಣ ಬೇಗ ಬರುತ್ತದೋ ತಡವಾಗುತ್ತದೋ ಎಂಬುದು ಅದರಲ್ಲಿ ಎಷ್ಟು ನೀರು ಉಳಿದಿದೆ ಎಂಬುದರ ಮೇಲೆ ನಿಂತಿದೆ.

ಹಿಮೋಗ್ಲೋಬಿನ್ನಿನಲ್ಲಿ ನೀರಿನ ಪಾತ್ರ ಇನ್ನೂ ತೀವ್ರ. ಈ ಕಾಯುವ ಅವಧಿ ಕಣದೊಳಗಿನ ‘ಎಸ್’ ಹಿಮೋಗ್ಲೋಬಿನ್ನಿನ ಸಾಂದ್ರತೆಯ 15ರಿಂದ 30ನೇ ಘಾತಕ್ಕೆ ವಿಲೋಮವಾಗಿ ಬದಲಾಗುತ್ತದೆ ಎಂದು ಅಳತೆಗಳು ತೋರಿಸಿದವು. ಘಾತ ಎಂದರೆ ಹೆದರಬೇಕಿಲ್ಲ, ಲೆಕ್ಕ ಹಾಕಿ ನೋಡಿ. ಸಾಂದ್ರತೆ ಶೇಕಡ 10ರಷ್ಟು ಏರಿತು ಎನ್ನಿ. 1.1 ಅನ್ನು ಅದರಿಂದಲೇ 15 ಸಲ ಗುಣಿಸಿಕೊಂಡು ಹೋದರೆ ನಾಲ್ಕರ ಮೇಲೆ ಬರುತ್ತದೆ, 30 ಸಲ ಗುಣಿಸಿದರೆ 17 ದಾಟುತ್ತದೆ. ಅಂದರೆ ಕಣದಿಂದ ಒಂಚೂರು ನೀರು ಹೊರಹೋದರೆ ಕಾಯುವ ಅವಧಿ ಕಾಲುಭಾಗಕ್ಕೋ ಅದಕ್ಕೂ ಕೆಳಗೋ ಕುಸಿಯುತ್ತದೆ. ನಿಸರ್ಗದಲ್ಲಿ ಇಷ್ಟು ಕಡಿದಾದ ಅವಲಂಬನೆ ಅಪರೂಪ. ಈ ಕಾಯಿಲೆಯ ಬಗ್ಗೆ ಒಂದೇ ಒಂದು ಸಂಗತಿ ನೆನಪಿಟ್ಟುಕೊಳ್ಳುವುದಾದರೆ ನಾನು ಇದನ್ನೇ ಹೇಳುತ್ತೇನೆ.

ಈಗ ಓಟದ ಸ್ಪರ್ಧೆಯನ್ನು ನೋಡಬಹುದು. ಸುಮಾರು ಎಂಟು ಮೈಕ್ರಾನ್ ಅಗಲದ ಕೆಂಪು ಕಣ, ತನಗಿಂತ ಕಿರಿದಾದ ಲೋಮನಾಳದೊಳಗೆ ಮಡಚಿಕೊಂಡು ನುಸುಳಬೇಕು. ಅದಕ್ಕೆ ಹಿಡಿಯುವ ಹೊತ್ತು ಹೆಚ್ಚುಕಡಿಮೆ ಒಂದು ಸೆಕೆಂಡ್. ಆಮ್ಲಜನಕ ಇಳಿಸುವುದೂ ಅಲ್ಲೇ. ನಾರು ಹುಟ್ಟುವ ಮೊದಲೇ ಕಣ ಆ ಇಕ್ಕಟ್ಟನ್ನು ದಾಟಿ ದೊಡ್ಡ ಅಭಿಧಮನಿಗೆ ಬಿದ್ದುಬಿಟ್ಟರೆ ಬಚಾವು. ಅಲ್ಲಿ ಬಾಗಿದರೂ ದಾರಿ ಅಗಲವಾಗಿದೆ, ಶ್ವಾಸಕೋಶ ತಲುಪಿ ಆಮ್ಲಜನಕ ಸಿಕ್ಕ ಕೂಡಲೇ ನಾರು ಕರಗಿ ಕಣ ಮತ್ತೆ ದುಂಡಗಾಗುತ್ತದೆ. ಸಾಮಾನ್ಯ ದಿನಗಳಲ್ಲಿ ಮಾದೇವಿಯ ಬಹುಪಾಲು ಕಣಗಳು ಈ ಸ್ಪರ್ಧೆಯನ್ನು ಗೆಲ್ಲುತ್ತವೆ. ನೋವಿಲ್ಲದ ದಿನಗಳ ರಹಸ್ಯ ಇಷ್ಟೇ.

ಆ ಡಿಸೆಂಬರ್ ಬೆಳಗ್ಗೆ ಎರಡೂ ಕಡೆಯಿಂದ ಗೆಲುವು ತಪ್ಪಿತು. ನೀರು ಕುಡಿಯದ ರಾತ್ರಿಯಲ್ಲಿ ಕಣಗಳು ಒಣಗಿ, ಕಾಯುವ ಅವಧಿ ಕಿರಿದಾಯಿತು. ಚಳಿಗೂ ತಣ್ಣೀರಿಗೂ ರಕ್ತನಾಳಗಳು ಮುದುಡಿ, ದಾಟುವ ಹೊತ್ತು ಹೆಚ್ಚಾಯಿತು. ಬಿರುಸಿನ ನಡಿಗೆಯಲ್ಲಿ ಸ್ನಾಯುಗಳು ಆಮ್ಲಜನಕವನ್ನು ಇನ್ನಷ್ಟು ಹೀರಿಕೊಂಡವು. ಇನ್ನೊಂದು ಸಂಗತಿಯೂ ಸೇರಿಕೊಂಡಿತು. ಈ ಕಾಯಿಲೆ ಇರುವವರ ಎಳೆಯ ಕೆಂಪು ಕಣಗಳು ಅಂಟಂಟು. ಲೋಮನಾಳದ ಆಚೆ ತುದಿಯ ಕಿರು ಅಭಿಧಮನಿಗಳ ಗೋಡೆಗೆ ಅವು ಕಚ್ಚಿಕೊಳ್ಳುತ್ತವೆ, ಬಿಳಿ ಕಣಗಳೂ ಜೊತೆಗೂಡುತ್ತವೆ. ಮುಂದೆ ಹೀಗೆ ಅಡ್ಡ ಬಿದ್ದರೆ ಹಿಂದಿನವು ನಿಲ್ಲಬೇಕು, ನಿಂತವು ಅಲ್ಲೇ ಬಾಗುತ್ತವೆ, ಬಾಗಿದವು ದಾರಿಯನ್ನು ಪೂರ್ತಿ ಮುಚ್ಚುತ್ತವೆ. ಸೋಂಕು, ಜ್ವರ ಬಂದಾಗ ನೋವು ಕೆರಳುವುದಕ್ಕೂ ಇದೇ ಕಾರಣ: ಸೋಂಕಿನಲ್ಲಿ ಬಿಳಿ ಕಣಗಳು ಹೆಚ್ಚುತ್ತವೆ, ನಾಳದ ಒಳಗೋಡೆಯೂ ಅಂಟಾಗುತ್ತದೆ.

ದಾರಿ ಮುಚ್ಚಿದ ಕಡೆ ಅಂಗಾಂಶ ಉಸಿರುಗಟ್ಟುತ್ತದೆ. ಮೂಳೆಯೊಳಗಿನ ಮಜ್ಜೆಯಲ್ಲಿ ಇದು ಹೆಚ್ಚು. ರಕ್ತ ತಯಾರಿಸುವ ಧಾವಂತದಲ್ಲಿ ಅಲ್ಲಿ ಜೀವಕೋಶಗಳು ಒತ್ತಾಗಿ ತುಂಬಿರುತ್ತವೆ, ಹರಿವು ನಿಧಾನ, ಸುತ್ತ ಬಗ್ಗದ ಮೂಳೆಯ ಗೋಡೆ. ಸತ್ತ ಮಜ್ಜೆ ಉರಿಯೂತ ಎಬ್ಬಿಸಿದಾಗ ಒತ್ತಡಕ್ಕೆ ಹೊರಗೆ ದಾರಿ ಇಲ್ಲ. ದೊಡ್ಡವರಲ್ಲಿ ನೋವು ಹೆಚ್ಚಾಗಿ ತೊಡೆ, ಸೊಂಟ, ಬೆನ್ನು, ಪಕ್ಕೆಲುಬುಗಳಲ್ಲಿ. ಆರು ತಿಂಗಳು ದಾಟಿದ ಮಗುವಿನಲ್ಲಿ ಅಂಗೈ ಅಂಗಾಲುಗಳು ಊದಿಕೊಳ್ಳುವುದೇ ಹಲವು ಸಲ ಮೊದಲ ಸೂಚನೆ. ಎಕ್ಸ್‌ರೇ ಆ ದಿನ ಏನನ್ನೂ ತೋರಿಸದು. ರಕ್ತದ ಅಂಕಿಗಳೂ ಮಾಮೂಲಿನಷ್ಟೇ ಇರಬಹುದು. ನೋವಿನ ಬಿಕ್ಕಟ್ಟು ಬಂದಿದೆ ಎಂದು ಖಾತ್ರಿ ಮಾಡುವ ಯಾವ ಪರೀಕ್ಷೆಯೂ ಇವತ್ತಿಗೂ ಇಲ್ಲ. ರೋಗಿ ಹೇಳಿದ್ದೇ ಪ್ರಮಾಣ. ಪರೀಕ್ಷೆ ಹತ್ತಿರವಾದಾಗ ನಾಟಕ ಮಾಡುತ್ತಾಳೆ ಎಂಬ ಮಾತು ಇಂಥ ಮಕ್ಕಳು ಕೇಳುವುದು ಇದರಿಂದಲೇ. ಪರೀಕ್ಷೆಯ ಕಾಲದಲ್ಲಿ ನಿದ್ದೆಗೆಡುತ್ತಾರೆ, ಊಟ ನೀರು ಮರೆಯುತ್ತಾರೆ, ನೋವು ಬರುವುದೂ ಆಗಲೇ.

ಇನ್ನು ದಿನಗಳ ಲೆಕ್ಕ. ಸ್ಪರ್ಧೆ ಗೆದ್ದ ಕಣಕ್ಕೂ ಪೆಟ್ಟು ಬೀಳದೆ ಇರುವುದಿಲ್ಲ. ಒಮ್ಮೆ ಬಾಗಿ ಮತ್ತೆ ನೆಟ್ಟಗಾದಾಗಲೆಲ್ಲ ಪೊರೆಗೆ ಏಟು. ಪೊಟ್ಯಾಸಿಯಂ ಸೋರಿ, ಅದರ ಹಿಂದೆ ನೀರೂ ಹೋಗಿ, ಕಣ ಮೊದಲಿಗಿಂತ ಒಣಗುತ್ತದೆ. ಒಣಗಿದ ಕಣ ಮುಂದಿನ ಸುತ್ತಿನಲ್ಲಿ ಇನ್ನೂ ಬೇಗ ಬಾಗುತ್ತದೆ. ಕೊನೆಗೆ ಆಮ್ಲಜನಕ ಸಿಕ್ಕರೂ ನೆಟ್ಟಗಾಗದ ಸ್ಥಿತಿ. ಅಂಥವನ್ನು ದೇಹದ ಕಸಗುಡಿಸುವ ಜೀವಕೋಶಗಳು ನುಂಗುತ್ತವೆ. ಕೆಲವು ನಾಳದಲ್ಲೇ ಒಡೆದುಹೋಗುತ್ತವೆ. ನಮ್ಮ ಕೆಂಪು ಕಣ ಸುಮಾರು 120 ದಿನ ಬಾಳಿದರೆ ಇವರದ್ದು 10ರಿಂದ 20 ದಿನ.

ಮಾದೇವಿಯ ಕಣಗಳು 15 ದಿನ ಬಾಳುತ್ತವೆ ಎಂದುಕೊಳ್ಳೋಣ. ಆಯಸ್ಸು ಎಂಟನೇ ಒಂದು ಭಾಗಕ್ಕೆ ಇಳಿಯಿತು. ಮಜ್ಜೆ ಸುಮ್ಮನೆ ಇದ್ದಿದ್ದರೆ ಹಿಮೋಗ್ಲೋಬಿನ್ ಕೂಡ 12ರಿಂದ ಒಂದೂವರೆಗೆ ಇಳಿಯಬೇಕಿತ್ತು, ಅವಳು ಬದುಕುತ್ತಿರಲಿಲ್ಲ. ಮಜ್ಜೆ ತಯಾರಿಕೆಯನ್ನು ಐದು ಪಟ್ಟು ಏರಿಸಿತು ಎನ್ನಿ. ಐದನ್ನು ಎಂಟರಿಂದ ಭಾಗಿಸಿ 12ರಿಂದ ಗುಣಿಸಿದರೆ ಏಳೂವರೆ. ಹೆಚ್ಚುಕಡಿಮೆ ಅವಳ ಚೀಟಿಯಲ್ಲಿರುವ ಅಂಕಿಯೇ ಬಂತು. ಸೋರುವ ಜಾಗಕ್ಕೆ ಮಜ್ಜೆ ಬಿಡುವಿಲ್ಲದೆ ಸುರಿದು ಹಿಡಿದಿಟ್ಟ ಮಟ್ಟ ಅದು. ಈ ಸುರಿತಕ್ಕೆ ಫೋಲಿಕ್ ಆಮ್ಲ ಧಾರಾಳ ಬೇಕು, ಆ ಮಾತ್ರೆಯನ್ನು ಇವರಿಗೆ ಖಾಯಂ ಕೊಡುವುದು ಅದಕ್ಕೇ. ಕಬ್ಬಿಣದ ವಿಷಯ ಹಾಗಲ್ಲ. ಒಡೆದ ಕಣಗಳ ಕಬ್ಬಿಣ ಬಹುಮಟ್ಟಿಗೆ ದೇಹದೊಳಗೇ ಮರಳಿ ಬಳಕೆಗೆ ಬರುತ್ತದೆ. ಕೊರತೆ ಇದೆಯೇ ಎಂದು ಫೆರಿಟಿನ್ ನೋಡಿ ತೀರ್ಮಾನಿಸಬೇಕು. ಹಲವು ಸಲ ರಕ್ತ ಹಾಕಿಸಿಕೊಂಡವರಲ್ಲಿ ಕಬ್ಬಿಣ ಹೆಚ್ಚಾಗಿ ಹೃದಯ, ಯಕೃತ್ತು ಹಾಳಾಗುವ ಭಯವೇ ಇದೆ.

ಎರಡು ಬಗೆಯ 8ನ್ನು ಬೇರ್ಪಡಿಸುವುದು ಕಷ್ಟವೇನಲ್ಲ. ಕಬ್ಬಿಣದ ಕೊರತೆಯಲ್ಲಿ ಎಳೆಯ ಕಣಗಳು, ಅಂದರೆ ರೆಟಿಕ್ಯುಲೋಸೈಟುಗಳು ಕಡಿಮೆ, ಕಾರ್ಖಾನೆಗೆ ಸರಕಿಲ್ಲ. ಸಿಕಲ್ ಸೆಲ್‌ನಲ್ಲಿ ಅವು ತುಂಬ ಹೆಚ್ಚು. ಜೊತೆಗೆ ಒಡೆದ ಕಣಗಳಿಂದ ಬಿಲಿರುಬಿನ್ ಏರಿ ಕಣ್ಣು ಹಳದಿ ಛಾಯೆಗೆ ತಿರುಗಿರುತ್ತದೆ. ಕಣ್ಣು ಹಳದಿಯಾದದ್ದು ಕಂಡ ತಕ್ಷಣ ಕಾಮಾಲೆಗೆ ನಾಟಿ ಔಷಧಿ ಕೊಡಿಸುವ ರೂಢಿ ನಮ್ಮಲ್ಲಿ ಗಟ್ಟಿ. ಪಥ್ಯವೆಂದು ಊಟ ಬಿಡಿಸಿ ಕೂರಿಸಿದರೆ ಈ ಮಕ್ಕಳಿಗೆ ಅದರಿಂದ ಕೇಡೇ ಹೆಚ್ಚು.

ದಿನಗಳ ಲೆಕ್ಕದಲ್ಲಿ ಒಂದು ಅಪಾಯ ಅಡಗಿದೆ. ಪಾರ್ವೊ ಬಿ19 ಎಂಬ ವೈರಸ್ ಮಕ್ಕಳಲ್ಲಿ ಸಾಮಾನ್ಯ. ಅದು ಮಜ್ಜೆಯಲ್ಲಿ ಕೆಂಪು ಕಣದ ತಯಾರಿಕೆಯನ್ನು ಏಳರಿಂದ ಹತ್ತು ದಿನ ನಿಲ್ಲಿಸುತ್ತದೆ. ಕಣಗಳು 120 ದಿನ ಬಾಳುವ ಮಗುವಿಗೆ ಹತ್ತು ದಿನದ ಬಂದ್ ಗೊತ್ತೇ ಆಗದು. 15 ದಿನ ಬಾಳುವ ಮಗುವಿಗೆ ಹತ್ತು ದಿನದಲ್ಲಿ ಮೂರರಲ್ಲಿ ಎರಡು ಪಾಲು ರಕ್ತ ಹೋಗಿಬಿಡುತ್ತದೆ. 8 ಇದ್ದದ್ದು 3ಕ್ಕೆ ಬರುತ್ತದೆ. ಆಗ ರೆಟಿಕ್ಯುಲೋಸೈಟ್ ಎಣಿಕೆ ಸೊನ್ನೆಯ ಹತ್ತಿರ ಬಿದ್ದಿರುತ್ತದೆ, ಅದೇ ಗುರುತು. ರಕ್ತ ಹಾಕಬೇಕಾದದ್ದು ಇಂಥ ಹೊತ್ತಿನಲ್ಲಿ. ಸಣ್ಣ ಮಕ್ಕಳಲ್ಲಿ ಇನ್ನೊಂದು ಬಗೆ: ಗುಲ್ಮದಲ್ಲಿ ರಕ್ತ ಒಮ್ಮೆಲೇ ಸಿಕ್ಕಿಕೊಂಡು, ಎಡಪಕ್ಕೆಯ ಕೆಳಗೆ ಗಂಟಿನಂತೆ ಊದಿ, ಮಗು ಗಂಟೆಗಳಲ್ಲಿ ಬಿಳಿಚಿಕೊಳ್ಳುತ್ತದೆ. ಎಂದಿನ ಏಳೆಂಟರಲ್ಲೇ ಆರಾಮಾಗಿರುವವಳಿಗೆ ಮಾತ್ರ, ಅಂಕಿ ಕಡಿಮೆ ಎಂಬ ಒಂದೇ ಕಾರಣಕ್ಕೆ ರಕ್ತದ ಬಾಟಲಿ ಏರಿಸಬಾರದು. ‘ಎಸ್’ ಹಿಮೋಗ್ಲೋಬಿನ್ ಆಮ್ಲಜನಕವನ್ನು ಸುಲಭವಾಗಿ ಬಿಟ್ಟುಕೊಡುವುದರಿಂದ ಆ ಮಟ್ಟಕ್ಕೆ ಅವಳ ದೇಹ ಹೊಂದಿಕೊಂಡಿದೆ. ಅಂಕಿಯನ್ನು ವಿಪರೀತ ಏರಿಸಿದರೆ ರಕ್ತ ಮಂದವಾಗಿ ನಾಳ ಕಟ್ಟುವ ಸಂಭವ ಹೆಚ್ಚು.

ನೀರಿನ ವಿಷಯಕ್ಕೆ ಇನ್ನೊಮ್ಮೆ ಬರಬೇಕು. ಮೂತ್ರಪಿಂಡದ ಒಳಭಾಗದಲ್ಲಿ ಆಮ್ಲಜನಕ ಕಡಿಮೆ, ಉಪ್ಪಿನಂಶ ಹೆಚ್ಚು. ಕಣ ಬಾಗಲು ಹೇಳಿ ಮಾಡಿಸಿದ ಜಾಗ. ಬಾಲ್ಯದಲ್ಲೇ ಅಲ್ಲಿನ ಸಣ್ಣ ನಾಳಗಳು ಹಾಳಾಗಿ, ಮೂತ್ರವನ್ನು ಗಟ್ಟಿ ಮಾಡುವ ಶಕ್ತಿ ಹೋಗುತ್ತದೆ. ದೇಹಕ್ಕೆ ನೀರು ಕಡಿಮೆಯಾದರೂ ಮೂತ್ರ ತೆಳ್ಳಗೆ, ಧಾರಾಳವಾಗಿ ಹೋಗುತ್ತಲೇ ಇರುತ್ತದೆ. ನೀರು ಉಳಿಸಿಕೊಳ್ಳಲೇಬೇಕಾದವಳಿಗೆ ಉಳಿಸಿಕೊಳ್ಳುವ ಶಕ್ತಿಯನ್ನೇ ಕಾಯಿಲೆ ಕಸಿದಿದೆ. ದೊಡ್ಡವಳಾದರೂ ರಾತ್ರಿ ಮೂರು ಸಲ ಏಳುತ್ತಾಳೆ, ತರಗತಿಯ ನಡುವೆ ಎದ್ದು ಹೋಗುತ್ತಾಳೆ ಎಂದು ಗೊಣಗುವ ಮೇಷ್ಟರಿಗೆ ಇದು ಗೊತ್ತಿರುವುದು ಒಳ್ಳೆಯದು. ಬೆಂಗಳೂರಿನಲ್ಲಿ ಹೆಣ್ಣುಮಕ್ಕಳು ಹೊರಗೆ ಹೊರಟರೆ ನೀರು ಕುಡಿಯುವುದನ್ನೇ ಬಿಡುತ್ತಾರೆ. ಉಳಿದವರಿಗೆ ಅದು ಕಿರಿಕಿರಿ, ಇವಳಿಗೆ ಆಸ್ಪತ್ರೆಯ ದಾರಿ.

ಇದು ಆಫ್ರಿಕಾದ ಕಾಯಿಲೆ, ಇಲ್ಲಿಗೇನು ಸಂಬಂಧ ಎಂದು ಕೇಳುವವರು ಈಗಲೂ ಇದ್ದಾರೆ. 1952ರಲ್ಲೇ ಹರ್ಮನ್ ಲೇಮನ್ ಮತ್ತು ಮೇರಿ ಕಟ್‌ಬುಷ್ ನೀಲಗಿರಿಯ ಬುಡಕಟ್ಟುಗಳ ರಕ್ತ ಪರೀಕ್ಷಿಸಿ ದಕ್ಷಿಣ ಭಾರತದಲ್ಲೂ ಸಿಕಲ್ ಸೆಲ್ ಇದೆಯೆಂದು ಪ್ರಕಟಿಸಿದರು. ಪರೀಕ್ಷೆಗೊಳಗಾದವರಲ್ಲಿ ಇರುಳರು, ಕುರುಂಬರ ಜೊತೆಗೆ, ನಮ್ಮ ಭಾಷೆಗೆ ಹತ್ತಿರದ ನುಡಿಯಾಡುವ ಬಡಗರೂ ಇದ್ದರು. ಆ ಬೆಟ್ಟದ ಈಚೆ ಮಗ್ಗುಲೇ ಚಾಮರಾಜನಗರ, ಮೈಸೂರು, ಕೊಡಗು. ಸೋಲಿಗರು, ಜೇನುಕುರುಬರು, ಬೆಟ್ಟಕುರುಬರು, ಯರವರಲ್ಲಿ ಈ ಕಾಯಿಲೆ ಇದೆ. ಬಿಳಿಗಿರಿರಂಗನ ಬೆಟ್ಟದಲ್ಲಿ ಡಾ. ಎಚ್. ಸುದರ್ಶನ್ ಕಟ್ಟಿದ ವಿವೇಕಾನಂದ ಗಿರಿಜನ ಕಲ್ಯಾಣ ಕೇಂದ್ರದ ವೈದ್ಯರು ಸೋಲಿಗರಲ್ಲಿ ಇದನ್ನು ಗುರುತಿಸಿ ಚಿಕಿತ್ಸೆ ಕೊಡುತ್ತ ಬಂದಿದ್ದಾರೆ. ಈ ಸಮುದಾಯಗಳಲ್ಲಿ ಇದು ಉಳಿದು ಬಂದದ್ದಕ್ಕೆ ಕಾರಣ ಕಾಡಿನ ಮಲೇರಿಯಾ. ತಂದೆಯಿಂದಲೋ ತಾಯಿಯಿಂದಲೋ ಒಂದೇ ‘ಎಸ್’ ವಂಶವಾಹಿ ಪಡೆದವರನ್ನು ತೀವ್ರ ಮಲೇರಿಯಾ ಅಷ್ಟಾಗಿ ಕೊಲ್ಲುವುದಿಲ್ಲ ಎಂದು ಆಂತೊನಿ ಆಲಿಸನ್ ಪೂರ್ವ ಆಫ್ರಿಕಾದ ಅಧ್ಯಯನದಿಂದ 1954ರಲ್ಲಿ ತೋರಿಸಿದರು. ಮಲೇರಿಯಾ ಕಾಡುಗಳಲ್ಲಿ ತಲೆಮಾರುಗಳ ಕಾಲ ಈ ವಂಶವಾಹಿ ಜೀವ ಉಳಿಸಿದೆ. ಹಾಗಾಗಿ ಇದನ್ನು ಯಾವುದೋ ಜಾತಿಯ ಕಳಂಕವೆಂದು ಆಡಿಕೊಳ್ಳುವುದು ಅಜ್ಞಾನ.

ಒಂದು ‘ಎಸ್’ ಮಾತ್ರ ಇರುವವರನ್ನು ವಾಹಕರು ಎನ್ನುತ್ತಾರೆ. ಅವರ ಕಣದಲ್ಲಿ ಅರ್ಧಕ್ಕಿಂತ ಹೆಚ್ಚು ‘ಎ’ ಹಿಮೋಗ್ಲೋಬಿನ್ ಇರುವುದರಿಂದ ಕಾಯುವ ಅವಧಿ ಎಷ್ಟೋ ಪಟ್ಟು ಉದ್ದ. ಸಾಮಾನ್ಯವಾಗಿ ನೋವೂ ಇಲ್ಲ, ರಕ್ತಹೀನತೆಯೂ ಇಲ್ಲ. ಇಬ್ಬರು ವಾಹಕರು ಮದುವೆಯಾದರೆ ಪ್ರತಿ ಬಸಿರಿನಲ್ಲೂ ಮಗುವಿಗೆ ಕಾಯಿಲೆ ಬರುವ ಸಂಭವ ನಾಲ್ಕರಲ್ಲಿ ಒಂದು. ಮೊದಲ ಮಗುವಿಗೆ ಬಂತು, ಇನ್ನು ಮೂರಕ್ಕೆ ಬರುವುದಿಲ್ಲ ಎಂಬ ಲೆಕ್ಕ ತಪ್ಪು.

ನಮ್ಮ ಕಡೆಯ ರೋಗಿಗಳಿಗೆ ಒಂದು ಅನುಕೂಲ ಇದೆ. ಭಾರತದಲ್ಲಿ ಕಾಣುವ ‘ಎಸ್’ ವಂಶವಾಹಿಯ ಬಗೆಯನ್ನು ಅರಬ್–ಇಂಡಿಯನ್ ಎನ್ನುತ್ತಾರೆ. ಇದರ ಜೊತೆಗೆ, ಗರ್ಭದಲ್ಲಿರುವ ಶಿಶುವಿನ ಹಿಮೋಗ್ಲೋಬಿನ್ ದೊಡ್ಡವರಾದ ಮೇಲೂ ಸಾಕಷ್ಟು ಉಳಿದುಕೊಳ್ಳುತ್ತದೆ. ಇದು ‘ಎಫ್’ ಹಿಮೋಗ್ಲೋಬಿನ್. ನಾರು ಕಟ್ಟುವ ಆಟಕ್ಕೆ ಸೇರುವುದಿಲ್ಲ. ಕಣದೊಳಗೆ ಜಾಗ ಹಿಡಿದು ‘ಎಸ್’ ಅನ್ನು ತೆಳುವಾಗಿಸುತ್ತದೆ, ಹಾಗಾಗಿ ಕಾಯುವ ಅವಧಿ ಹಿಗ್ಗುತ್ತದೆ. ಹಾಗೆಂದು ಇಲ್ಲಿನ ಕಾಯಿಲೆ ಸೌಮ್ಯ ಎಂದು ಸಾರಾಸಗಟಾಗಿ ಹೇಳುವುದು ಸರಿಯಲ್ಲ. ಪದೇ ಪದೇ ನೋವಿನಿಂದ ಆಸ್ಪತ್ರೆ ಸೇರುವವರು ನಮ್ಮಲ್ಲೂ ಇದ್ದಾರೆ.

ಹೈಡ್ರಾಕ್ಸಿಯೂರಿಯಾ ಮಾತ್ರೆ ಮಾಡುವುದೂ ಬಹುಮಟ್ಟಿಗೆ ಇದೇ ಕೆಲಸ. ಅದು ‘ಎಫ್’ ಹಿಮೋಗ್ಲೋಬಿನ್ನನ್ನು ಹೆಚ್ಚಿಸುತ್ತದೆ, ಕಣವನ್ನು ಹಿಗ್ಗಿಸಿ ಒಳಗಿನದನ್ನು ತೆಳುವಾಗಿಸುತ್ತದೆ, ಅಂಟುವ ಬಿಳಿ ಕಣಗಳನ್ನೂ ತಗ್ಗಿಸುತ್ತದೆ. 1995ರಲ್ಲಿ ಪ್ರಕಟವಾದ ಅಮೆರಿಕದ ಪ್ರಯೋಗದಲ್ಲಿ ನೋವಿನ ಬಿಕ್ಕಟ್ಟುಗಳು ಹೆಚ್ಚುಕಡಿಮೆ ಅರ್ಧಕ್ಕಿಳಿದವು. ಗುಣ ಕಾಣಲು ತಿಂಗಳುಗಳು ಬೇಕು. ರಕ್ತಕಣಗಳ ಎಣಿಕೆ ಆಗಾಗ ನೋಡುತ್ತಿರಬೇಕು. ಮಗು ಬಯಸುವವರು ವೈದ್ಯರೊಡನೆ ಮೊದಲೇ ಮಾತಾಡಿಕೊಳ್ಳಬೇಕು. ನೋವು ಬಂದ ದಿನ ನುಂಗುವ ಗುಳಿಗೆ ಇದಲ್ಲ. ಎರಡು ವಾರ ತೆಗೆದುಕೊಂಡು ‘ಪ್ರಯೋಜನವಿಲ್ಲ’ ಎಂದು ಬಿಡುವವರು ಅನೇಕರು. ವಂಶವಾಹಿಯನ್ನೇ ತಿದ್ದುವ ಚಿಕಿತ್ಸೆಗೆ ಬ್ರಿಟನ್ ಮತ್ತು ಅಮೆರಿಕ 2023ರ ಕೊನೆಯಲ್ಲಿ ಒಪ್ಪಿಗೆ ಕೊಟ್ಟಿವೆ. ಅದೂ ‘ಎಫ್’ ಅನ್ನು ಎಬ್ಬಿಸುವ ಉಪಾಯವೇ. ಅಮೆರಿಕದಲ್ಲಿ ಅದರ ಬೆಲೆ 22 ಲಕ್ಷ ಡಾಲರ್, ಆದ್ದರಿಂದ ಪೋಡಿನ ಮಟ್ಟಿಗೆ ಸದ್ಯಕ್ಕೆ ಮಾತ್ರೆಯೇ ಗತಿ.

ಕೇಂದ್ರ ಸರ್ಕಾರ 2023ರ ಜುಲೈ 1ರಂದು ಮಧ್ಯಪ್ರದೇಶದ ಶಹಡೋಲ್‌ನಲ್ಲಿ ಆರಂಭಿಸಿದ ರಾಷ್ಟ್ರೀಯ ಸಿಕಲ್ ಸೆಲ್ ನಿರ್ಮೂಲನಾ ಅಭಿಯಾನದ ರಾಜ್ಯಗಳಲ್ಲಿ ಕರ್ನಾಟಕವೂ ಇದೆ. 40 ವರ್ಷದೊಳಗಿನ ಏಳು ಕೋಟಿ ಜನರ ರಕ್ತ ಪರೀಕ್ಷೆ ಅದರ ಗುರಿ. ಶಿಬಿರಗಳಲ್ಲಿ ಮಾಡುವ ಒಂದು ಅಗ್ಗದ ಪರೀಕ್ಷೆ ಹೀಗಿದೆ: ಆಮ್ಲಜನಕ ತೆಗೆಯುವ ರಾಸಾಯನಿಕ ಬೆರೆಸಿದ ದ್ರಾವಣಕ್ಕೆ ಒಂದು ಹನಿ ರಕ್ತ ಹಾಕಿ, ಕೊಳವೆಯ ಹಿಂದೆ ಗೆರೆ ಎಳೆದ ಕಾಗದ ಹಿಡಿಯುತ್ತಾರೆ. ಗೆರೆ ಕಂಡರೆ ‘ಎಸ್’ ಇಲ್ಲ. ದ್ರಾವಣ ಕದಡಿ ಗೆರೆ ಮಾಯವಾದರೆ ಇದೆ. ಆದರೆ ಇರುವುದು ಒಂದೋ ಎರಡೋ, ವಾಹಕರೋ ರೋಗಿಯೋ ಎಂದು ಇದು ಹೇಳಲಾರದು. ಆರು ತಿಂಗಳೊಳಗಿನ ಕೂಸಿನಲ್ಲಿ ‘ಎಫ್’ ಹೆಚ್ಚಿರುವುದರಿಂದ ಸುಳ್ಳು ಹೇಳಬಹುದು, ರಕ್ತ ತೀರಾ ಕಡಿಮೆಯಿದ್ದರೂ ಸುಳ್ಳು ಹೇಳಬಹುದು. ಹೀಗಾಗಿ ಕದಡಿದವರಿಗೆಲ್ಲ ಎಚ್‌ಪಿಎಲ್‌ಸಿ ಅಥವಾ ಎಲೆಕ್ಟ್ರೊಫೊರೆಸಿಸ್ ಮಾಡಿಸಲೇಬೇಕು. ಒಂದು ಕಡೆಯಿಂದ ‘ಎಸ್’, ಇನ್ನೊಂದು ಕಡೆಯಿಂದ ಥಲಸ್ಸೀಮಿಯಾ ಬಂದವರೂ ಆಗ ಸಿಕ್ಕಿಬೀಳುತ್ತಾರೆ. ಕಳೆದ ಮೂರು ತಿಂಗಳಲ್ಲಿ ರಕ್ತ ಹಾಕಿಸಿಕೊಂಡಿದ್ದರೆ ಮೊದಲೇ ಹೇಳಿ. ಇಲ್ಲದಿದ್ದರೆ ಯಂತ್ರ ದಾನಿಯ ರಕ್ತವನ್ನೂ ಸೇರಿಸಿ ಓದುತ್ತದೆ. ಅಭಿಯಾನದ ಬಗ್ಗೆ ನನ್ನ ತಕರಾರು ಒಂದೇ: ಪರೀಕ್ಷೆಯ ಫಲಿತಾಂಶ ಬರೆದ ಕಾರ್ಡ್ ಹಂಚಿದಲ್ಲಿಗೆ ಕೆಲಸ ಮುಗಿಯಿತು ಎಂದಾಗಬಾರದು. ರೋಗಿ ಎಂದು ಬರೆದ ಕಾರ್ಡಿನ ಹಿಂದೆ ಪ್ರತಿ ತಿಂಗಳ ಹೈಡ್ರಾಕ್ಸಿಯೂರಿಯಾ ಇಲ್ಲದಿದ್ದರೆ ಆ ಕಾರ್ಡ್ ಮದುವೆ ಮುರಿಯಲು ಮಾತ್ರ ಬಳಕೆಯಾಗುತ್ತದೆ.

ಕೊನೆಗೆ, ಜ್ಞಾನಭಾರತಿಯಂಥ ಕಡೆ ಗಿರಿಜನ ಮಕ್ಕಳಿಗೆ ಹಾಸ್ಟೆಲ್ ನಡೆಸುವವರಿಗೆ, ಪಾಠ ಹೇಳುವವರಿಗೆ, ಜೊತೆಗೆ ಇರುವ ಗೆಳತಿಯರಿಗೆ ಒಂದು ವಿನಂತಿ. ಕಾಯಿಲೆ ಇರುವವರು ಯಾರೆಂದು ಅವರ ಒಪ್ಪಿಗೆಯಿಂದ ತಿಳಿದುಕೊಂಡಿರಿ, ಗುಟ್ಟಾಗಿಡಿ. ಸ್ನಾನಕ್ಕೆ ಬಿಸಿನೀರು, ಚಳಿಗೆ ಸ್ವೆಟರ್, ಕೈಯಲ್ಲಿ ನೀರಿನ ಬಾಟಲಿ, ಎದ್ದು ಹೋಗಲು ಅನುಮತಿ ಕೇಳಬೇಕಿಲ್ಲದ ತರಗತಿ: ಇಷ್ಟು ನಿಮ್ಮ ಕೈಯಲ್ಲಿದೆ. ನೋವು ಬಂದರೆ ನೀರು ಕುಡಿಸಿ, ಬೆಚ್ಚಗಿಡಿ, ವೈದ್ಯರು ಮೊದಲೇ ಬರೆದುಕೊಟ್ಟ ಮಾತ್ರೆ ಕೊಡಿ. ಅದಕ್ಕೂ ಬಗ್ಗದಿದ್ದರೆ ಆಸ್ಪತ್ರೆಗೆ ಕರೆದೊಯ್ದು ‘ಸಿಕಲ್ ಸೆಲ್ ರೋಗಿ’ ಎಂದು ಬಾಗಿಲಲ್ಲೇ ಹೇಳಿ. ನೋವಿನ ಔಷಧಿಯ ಮೊದಲ ಡೋಸ್ ಒಂದು ಗಂಟೆಯೊಳಗೆ ಸಿಗಬೇಕೆಂಬುದು ವೈದ್ಯಕೀಯ ನಿಯಮ. 101 ಡಿಗ್ರಿ ದಾಟಿದ ಜ್ವರ, ಉಸಿರೆಳೆದರೆ ಎದೆ ನೋವು, ಒಂದು ಕೈಯೋ ಕಾಲೋ ಸ್ವಾಧೀನ ತಪ್ಪುವುದು, ಮಾತು ತೊದಲುವುದು, ಇದ್ದಕ್ಕಿದ್ದಂತೆ ಬಿಳಿಚಿಕೊಳ್ಳುವುದು: ಇವುಗಳಲ್ಲಿ ಒಂದು ಕಂಡರೂ ಬೆಳಗಾಗಲಿ ಎಂದು ಕಾಯಬೇಡಿ, 108ಕ್ಕೆ ಕರೆ ಮಾಡಿ.